ಕರಾರಿನಲ್ಲಿ ‘ಸೇಮ್’, ‘ಸಚ್’ ಇರಬೇಕಾ, ಹೋಗಬೇಕಾ?

ಪರ: ತೆಗೆದುಹಾಕಿ

ಇಂಗ್ಲಿಷ್ ಕರಾರಿನ ‘ದಿ ಸೇಮ್’ ಅಂದರೆ ‘ಅದೇ’ ಅಂತಲ್ಲ, ಸುಮ್ನೆ ‘ಅದು’ ಅಂತ. ಗತ್ತು ಜಾಸ್ತಿ, ಅರ್ಥ ಕಮ್ಮಿ.

ಒಂದು ಷರತ್ತು ನೋಡಿ. ಮಾರುವವರು ಯಂತ್ರವನ್ನೂ ಅದರ ಪರೀಕ್ಷಾ ವರದಿಗಳನ್ನೂ ಕೊಡಬೇಕು. ಕೊಳ್ಳುವವರು 7 ದಿನದೊಳಗೆ ‘ದಿ ಸೇಮ್’ ತಿರಸ್ಕರಿಸಬಹುದು. ಏನನ್ನು? ಯಂತ್ರವನ್ನೋ, ವರದಿಗಳನ್ನೋ, ಎರಡನ್ನೂನೋ? ವರದಿಯಲ್ಲಿ ಒಂದು ಅಂಕಿ ತಪ್ಪಿದ್ದರೆ ಯಂತ್ರವನ್ನೇ ವಾಪಸ್ ಕಳಿಸಬಹುದಾ? ಜಗಳ ಶುರುವಾಗುವುದು ಇಲ್ಲೇ.

‘ಸೇಮ್’ಗೆ ಏಕವಚನ, ಬಹುವಚನ ಎಂಬ ಭೇದವಿಲ್ಲ. ಅದರ ಜಾಗದಲ್ಲಿ ‘ಇಟ್’ ಹಾಕಿದರೆ ಯಂತ್ರ ಅಂತ ಗೊತ್ತಾಗುತ್ತದೆ. ‘ದೆಮ್’ ಹಾಕಿದರೆ ವರದಿಗಳು, ಇಲ್ಲವೇ ಎರಡೂ, ಇನ್ನೂ ಗೊಂದಲವೇ. ಹಾಗಾಗಿ ಹೆಸರನ್ನೇ ಮತ್ತೆ ಬರೆಯಿರಿ: ‘ಯಂತ್ರವನ್ನು ತಿರಸ್ಕರಿಸಬಹುದು’. ಒಂದು ಪದ ಎರಡು ಸಲ ಬಂದರೆ ಕರಾರಿಗೇನೂ ನಾಚಿಕೆಯಿಲ್ಲ. ನಮ್ಮ ‘ಸದರಿ’ಗೂ ಇದೇ ರೋಗ ಇದೆ, ಅಲ್ವಾ?

ವಿರೋಧ: ಕೈ ಹಾಕುವ ಮುಂಚೆ ನಿಲ್ಲಿ

‘ಸೇಮ್’ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮೇಲಿನ ಉದಾಹರಣೆಯಲ್ಲಿ ‘ಯಂತ್ರ’ ಅಂತ ತೀರ್ಮಾನ ಮಾಡಿದವರು ಯಾರು? ಸಹಿ ಹಾಕಿದವರಲ್ಲ, ತಿದ್ದಿದವರು! ಕರಡು ಇನ್ನೂ ಮೇಜಿನ ಮೇಲಿದ್ದರೆ ಎರಡೂ ಕಡೆಯವರನ್ನು ಕೇಳಿ ಬದಲಿಸಬಹುದು. ಸಹಿಯಾದ ಮೇಲೆ ಅದು ಭಾಷೆಯ ತಿದ್ದುಪಡಿಯಲ್ಲ, ಹಕ್ಕಿನ ತಿದ್ದುಪಡಿ. ಎರಡೂ ಕಡೆಯವರು ಒಪ್ಪಬೇಕು.

‘ಸಚ್’ ಇನ್ನೂ ನಾಜೂಕು. ವ್ಯಾಕರಣದ ಪ್ರಕಾರ ‘ಸಚ್ ನೋಟಿಸ್’ನಲ್ಲಿ ಅದು ಸರ್ವನಾಮವಲ್ಲ, ವಿಶೇಷಣ. ಮಾಡುವ ಕೆಲಸ ಮಾತ್ರ ಹಿಂದೆ ಹೇಳಿದ್ದನ್ನು ತೋರಿಸುವುದೇ. 4ನೇ ಷರತ್ತು ಹೀಗಿದೆ ಅಂದುಕೊಳ್ಳಿ: ಬಾಡಿಗೆದಾರರು 30 ದಿನ ಮುಂಚೆ ಬರಹದಲ್ಲಿ ನೋಟಿಸ್ ಕೊಟ್ಟು ಮನೆ ಬಿಡಬಹುದು, ‘ಸಚ್ ನೋಟಿಸ್’ ತಲುಪಿದ ಮೇಲೆ ಠೇವಣಿ ಲೆಕ್ಕ ಮಾಡಬೇಕು. ಇಲ್ಲಿ ‘ಸಚ್’ 30 ದಿನವನ್ನೂ ಬರಹವನ್ನೂ ತನ್ನ ಜೊತೆ ಎಳೆದುಕೊಂಡು ಬರುತ್ತದೆ. ಅಕ್ಕಪಕ್ಕದ ವಾಕ್ಯವಾದ್ದರಿಂದ ‘ಆ ನೋಟಿಸ್’ ಅಂದರೂ ನಡೆದೀತು. ಆದರೆ ಠೇವಣಿಯ ಮಾತು ದೂರದ 11ನೇ ಷರತ್ತಿನಲ್ಲಿದ್ದು, ನಡುವೆ 9ರಲ್ಲಿ ಬಾಡಿಗೆ ಬಾಕಿಯ ನೋಟಿಸ್ ಬಂದಿದ್ದರೆ? ಬರೀ ‘ನೋಟಿಸ್’ ಅಂದರೆ ಯಾವುದು ಅಂತ ತಿಳಿಯುವುದಿಲ್ಲ. ಅಲ್ಲಿ ‘4ನೇ ಷರತ್ತಿನ ನೋಟಿಸ್’ ಅಂತಲೇ ಬರೆಯಬೇಕು.

‘ಎನಿ ಸಚ್’ ಅಂದರೆ ‘ಅಂಥ ಯಾವುದೇ’. ಅದನ್ನು ‘ಆ’ ಅಂತ ತಿದ್ದಿದರೆ ಆ ಬಗೆಯ ಎಲ್ಲ ನೋಟಿಸ್‌ಗಳಿಗೂ ಅನ್ವಯಿಸುತ್ತಿದ್ದ ಮಾತು ಒಂದೇ ಒಂದು ನೋಟಿಸ್‌ಗೆ ಸೀಮಿತವಾಗುತ್ತದೆ.

ಅರ್ಧ ತಿದ್ದುವುದೂ ಅಪಾಯ. ಒಂದು ಕಡೆ ‘ಸಚ್’ ಉಳಿಸಿ ಇನ್ನೊಂದು ಕಡೆ ತೆಗೆದರೆ, ಪದ ಬೇರೆಯಾದ್ದರಿಂದ ಅರ್ಥವೂ ಬೇರೆ ಅಂತ ಎದುರು ವಕೀಲರು ವಾದಿಸಬಹುದು. ಹಾಗಾಗಿ ನಾನು ಮೊದಲು ಇಡೀ ಕರಡಿನಲ್ಲಿ ಆ ಪದ ಹುಡುಕುತ್ತೇನೆ. ಪ್ರತಿಯೊಂದರ ಪಕ್ಕ ಅದು ಯಾವುದನ್ನು ತೋರಿಸುತ್ತದೆ ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಎರಡು ಉತ್ತರ ಬಂದ ಕಡೆ ತಿದ್ದುವುದಿಲ್ಲ, ಕಕ್ಷಿದಾರರಿಗೆ ಫೋನ್ ಮಾಡುತ್ತೇನೆ.