ಮೂಲೆಯ ಗುಂಡಗಿನ ಚಿತ್ರ ಬೇಡ, ಸಾಲಿನಲ್ಲಿ ಜಾಗ ಕೊಡಿ

ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ನನಗೆ ಫೆಬ್ರವರಿ ಬಂತೆಂದರೆ ಹತ್ತನೇ ತರಗತಿಯ ಬೀಳ್ಕೊಡುಗೆ ಫೋಟೋಗಳದ್ದೇ ಕೆಲಸ. ಈ ಸಲ ಸಕಲೇಶಪುರದ ಕಡೆಯ ಒಂದು ಪ್ರೌಢಶಾಲೆಯಲ್ಲಿ ಗ್ರೂಪ್ ಫೋಟೋ ತೆಗೆದು ಬಂದ ಮರುದಿನ ಮುಖ್ಯ ಶಿಕ್ಷಕರ ಫೋನ್ ಬಂತು. ‘ಒಬ್ಬ ಹುಡುಗಿಗೆ ಅಮ್ಮ ಆಗಿತ್ತು, ಬರಲಾಗಲಿಲ್ಲ. ಅವಳ ಪಾಸ್‌ಪೋರ್ಟ್ ಫೋಟೋ ಕಳಿಸುತ್ತೇನೆ, ಮೇಲಿನ ಮೂಲೆಯಲ್ಲಿ ಗುಂಡಗೆ ಹಾಕಿಬಿಡಿ.’

ಹಿಂದೆಲ್ಲ ಹಾಗೆಯೇ ಹಾಕುತ್ತಿದ್ದೆವು. ಆದರೆ ಆ ಹುಡುಗಿಯ ತಾಯಿ ಸಂಜೆ ತಾವೇ ಫೋನ್ ಮಾಡಿ, ‘ಮೂಲೆಯಲ್ಲಿ ಹಾಕಬೇಡಿ ಸಾರ್, ತೀರಿಕೊಂಡವರಿಗೆ ಹಾಕಿದ ಹಾಗೆ ಕಾಣುತ್ತದೆ’ ಎಂದರು. ಅವರ ಮಾತು ನೂರಕ್ಕೆ ನೂರು ನಿಜ. ಮೂರು ವರ್ಷ ಆ ಬೆಂಚಿನಲ್ಲಿ ಕುಳಿತು ಓದಿದ ಮಗುವಿನ ಜಾಗ ಗೆಳತಿಯರ ನಡುವೆ, ಗೋಡೆಯ ಮೇಲಲ್ಲ.

ಪಾಸ್‌ಪೋರ್ಟ್ ಫೋಟೋದ ತಲೆಯನ್ನು ಕತ್ತರಿಸಿ ಬೇರೊಬ್ಬಳ ಮೈಗೆ ಅಂಟಿಸುವುದನ್ನೂ ನಾನು ಒಪ್ಪುವುದಿಲ್ಲ. ಆ ಫೋಟೋ ತೆಗೆಯುವಾಗ ಫ್ಲ್ಯಾಶ್ ಎದುರಿನಿಂದ ಬಿದ್ದಿರುತ್ತದೆ, ಗಲ್ಲದ ಕೆಳಗೆ ನೆರಳೇ ಇರುವುದಿಲ್ಲ. ಹತ್ತಿರದಿಂದ ತೆಗೆದಿದ್ದರೆ ಮೂಗು ದೊಡ್ಡದಾಗಿ ಕಿವಿಗಳು ಹಿಂದಕ್ಕೆ ಸರಿದಿರುತ್ತವೆ. ಅದನ್ನು ದೂರದಿಂದ ಮೆದುವಾದ ಬೆಳಕಿನಲ್ಲಿ ತೆಗೆದ ಮುಖಗಳ ನಡುವೆ ಇಟ್ಟರೆ ಮನೆಮಂದಿಗೆ ಮೊದಲ ನೋಟದಲ್ಲೇ ಗೊತ್ತಾಗುತ್ತದೆ.

ಅವಳು ಗುಣವಾಗಿ ಶಾಲೆಗೆ ಬಂದ ಮೇಲೆ ಮತ್ತೆ ಹೋದೆ. ಅದೇ ಹತ್ತು ಗಂಟೆಯ ಹೊತ್ತು, ಕಟ್ಟಡದ ಅದೇ ನೆರಳು, ಅದೇ ಬೆಂಚು. ಟ್ರೈಪಾಡ್ ಇಟ್ಟಿದ್ದ ಜಾಗವನ್ನು ಅಂಗಳದ ಕಲ್ಲೊಂದರ ಗುರುತಿನಿಂದ ಹುಡುಕಿ, ಅದೇ ಲೆನ್ಸ್ ಹಾಕಿ, ಕ್ಯಾಮೆರಾವನ್ನು ಅಷ್ಟೇ ಎತ್ತರಕ್ಕೆ ಇಟ್ಟೆ. ಅವಳೊಬ್ಬಳನ್ನೇ ನಿಲ್ಲಿಸಲಿಲ್ಲ. ಫೋಟೋದಲ್ಲಿ ಹಿಂದಿನ ಸಾಲಿನ ನಡುವೆ ನಿಂತಿದ್ದ ಅವಳ ಗೆಳತಿಯನ್ನು ಕರೆಸಿ, ಅಂದು ನಿಂತಿದ್ದಲ್ಲೇ ನಿಲ್ಲಿಸಿ, ಪಕ್ಕದಲ್ಲಿ ಇವಳನ್ನು ನಿಲ್ಲಿಸಿದೆ. ಎತ್ತರದ ಲೆಕ್ಕವೆಲ್ಲ ಆ ಗೆಳತಿಯ ಮೇಲೆಯೇ ನಿಂತಿದೆ. ಫೋಟೋಶಾಪಿನಲ್ಲಿ ಹೊಸ ಚಿತ್ರವನ್ನು ಹಳೆಯದರ ಮೇಲಿಟ್ಟು, ಹಳೆಯದು ಒಳಗಿಂದ ಕಾಣುವಂತೆ ಲೇಯರಿನ ಅಪಾಸಿಟಿಯನ್ನು ಶೇ 50ಕ್ಕೆ ಇಳಿಸಿ, ಗೆಳತಿಯ ಎರಡು ಮುಖಗಳು ಕಣ್ಣಿಗೆ ಕಣ್ಣು, ಭುಜಕ್ಕೆ ಭುಜ ಕೂಡುವವರೆಗೆ ಹಿಗ್ಗಿಸಿ ಕುಗ್ಗಿಸಿದೆ. ಅವಳು ಕೂಡಿದರೆ ಪಕ್ಕದವಳ ಎತ್ತರವೂ ತಾನಾಗಿ ಸರಿಹೋಗುತ್ತದೆ. ಆಮೇಲೆ ಹೊಸ ಚಿತ್ರದ ಗೆಳತಿಯನ್ನು ಮಾಸ್ಕ್ ಹಾಕಿ ಮರೆಮಾಡಿದರಾಯಿತು.

ನಿಜವಾದ ಕಷ್ಟ ಜಾಗದ್ದು. ಸಾಲಿನ ತುದಿಯಲ್ಲಿ ಸೇರಿಸುವುದು ಸುಲಭ, ಆದರೆ ಎತ್ತರದವರು ನಡುವೆ ಇದ್ದು ತುದಿಗೆ ಹೋಗುತ್ತಾ ತಲೆಗಳು ಇಳಿಯುವ ಸಾಲು ಅದು. ಇವಳು ತರಗತಿಯ ಎತ್ತರದ ಹುಡುಗಿಯರಲ್ಲಿ ಒಬ್ಬಳು. ತುದಿಯಲ್ಲಿ ಇಟ್ಟರೆ ಇಳಿಜಾರಿನ ಕೊನೆಯಲ್ಲಿ ಕಂಬ ನೆಟ್ಟ ಹಾಗಾಗುತ್ತಿತ್ತು. ಆದ್ದರಿಂದ ಹದಿನಾಲ್ಕು ಜನರ ಸಾಲನ್ನು ನಡುವೆ ಬಿಡಿಸಿ, ಎಡಗಡೆಯ ಏಳು ಜನರನ್ನು ಒಟ್ಟಾಗಿ ಎಡಕ್ಕೆ ಸರಿಸಿದೆ. ಸರಿಸಬೇಕಾದದ್ದು ಸರಿಯಾಗಿ ಒಬ್ಬರ ಅಗಲದಷ್ಟು. ಮುಂದಿನ ಸಾಲಿನ ತಲೆಗಳ ನಡುವಿನ ಸಂದಿನಲ್ಲಿ ಹಿಂದಿನವರ ಎದೆ, ತೋಳು ಕಾಣುತ್ತಿರುತ್ತದೆ. ಅರ್ಧ ಅಗಲ ಸರಿಸಿದರೆ ಅಂದು ಮರೆಯಾಗಿದ್ದ ಭಾಗ ಬಯಲಾಗುತ್ತದೆ, ಅಲ್ಲಿ ತುಂಬಲು ಚಿತ್ರವೇ ಇರುವುದಿಲ್ಲ. ಪೂರ್ತಿ ಅಗಲ ಸರಿಸಿದರೆ ಪ್ರತಿಯೊಬ್ಬರೂ ಪಕ್ಕದ ಸಂದಿಗೆ ಹೆಚ್ಚುಕಡಿಮೆ ಹಾಗೆಯೇ ಕೂರುತ್ತಾರೆ. ಗೋಡೆಯನ್ನು ಮಾತ್ರ ಸರಿಸಬಾರದು, ಕಿಟಕಿ ಮುರಿಯುತ್ತದೆ. ಅದಕ್ಕೆಂದೇ ಯಾರೂ ಇಲ್ಲದ ಗೋಡೆಯದೂ ಒಂದು ಫೋಟೋ ತೆಗೆದುಕೊಂಡಿದ್ದೆ.

ಸಮವಸ್ತ್ರದಲ್ಲಿ ಒಂದು ತೊಡಕಾಯಿತು. ಎಲ್ಲರ ಚೂಡಿದಾರ ಒಗೆದು ಒಗೆದು ಬಣ್ಣ ಇಳಿದಿತ್ತು, ಇವಳದು ಎತ್ತಿಟ್ಟಿದ್ದ ಹೊಸ ಜೊತೆ. ಗೆಳತಿಯ ತೋಳಿನ ಬಣ್ಣಕ್ಕೆ ಹೊಂದುವಂತೆ ಸ್ವಲ್ಪ ಮಂಕು ಮಾಡಿದೆ. ಬ್ಯಾಡ್ಜು, ವೇಲಿನ ಪಿನ್ನು ಎಲ್ಲರಿಗೂ ಒಂದೇ ಬದಿಯಲ್ಲಿವೆಯೇ ಎಂದೂ ನೋಡಬೇಕು. ಚಿತ್ರವನ್ನು ಎಡ-ಬಲ ತಿರುಗಿಸಿ ಬಳಸುವವರು ಸಿಕ್ಕಿಬೀಳುವುದು ಅಲ್ಲಿಯೇ.

12×18 ಇಂಚಿನ ಪ್ರಿಂಟಿನಲ್ಲಿ ಒಂದೊಂದು ತಲೆ ಬೆರಳಿನ ಉಗುರಿಗಿಂತ ಹೆಚ್ಚು ದೊಡ್ಡದಲ್ಲ. ಅಲ್ಲಿ ಮೋಸ ತೋರುವುದು ಮುಖದಲ್ಲಲ್ಲ, ಕೂದಲ ಅಂಚಿನ ಬಿಳಿ ಗೆರೆಯಲ್ಲಿ ಮತ್ತು ಭುಜಗಳು ಕೂಡುವ ಜಾಗದಲ್ಲಿ. ಹಿಂದಿನ ಸಾಲಿನಲ್ಲಿ ಒಬ್ಬರ ಭುಜ ಇನ್ನೊಬ್ಬರ ಹಿಂದೆ ಹೋಗಿರುತ್ತದೆ. ಇವಳ ಎರಡೂ ಭುಜ ಪೂರ್ತಿ ಕಂಡರೆ ಮುಂದಕ್ಕೆ ಅಂಟಿಸಿದ ಹಾಗೆ ಕಾಣುತ್ತಾಳೆ. ಒಂದು ಭುಜವನ್ನು ಗೆಳತಿಯ ಹಿಂದೆ ಸರಿಸಿ ಅಲ್ಲಿ ತೆಳುವಾದ ನೆರಳು ಕೊಟ್ಟೆ. ಪರೀಕ್ಷೆಗೆ ಚಿತ್ರವನ್ನು ಕಪ್ಪು-ಬಿಳುಪು ಮಾಡಿ ತಲೆಕೆಳಗಾಗಿಸಿ ನೋಡುತ್ತೇನೆ. ಹಾಗೆ ನೋಡಿದಾಗಲೂ ಕಣ್ಣು ಒಬ್ಬರ ಮೇಲೆಯೇ ಹೋಗಿ ನಿಂತರೆ ಬೆಳಕು ಇನ್ನೂ ಕೂಡಿಲ್ಲ ಎಂದರ್ಥ.

ಇದು ಸುಳ್ಳಲ್ಲವೇ ಎಂದು ಒಬ್ಬ ಶಿಕ್ಷಕರು ಕೇಳಿದರು. ಗ್ರೂಪ್ ಫೋಟೋ ಆ ತರಗತಿಯ ದಾಖಲೆ, ಆ ದಿನದ್ದಲ್ಲ. ಆ ತರಗತಿಯಲ್ಲಿ ಅವಳು ಇದ್ದಳು. ಸಮಾರಂಭದ ವೇದಿಕೆಯ ಮೇಲೆ ಅವಳು ಬಹುಮಾನ ಪಡೆಯುವ ಹಾಗೆ ಮಾಡಿಕೊಡಿ ಎಂದಿದ್ದರೆ ಖಂಡಿತ ಮಾಡುತ್ತಿರಲಿಲ್ಲ. ಅವಳನ್ನೂ ತಾಯಿಯನ್ನೂ ಕೇಳಿಯೇ ಸೇರಿಸಿದೆ. ಕೆಳಗಿನ ಹೆಸರಿನ ಪಟ್ಟಿಯನ್ನೂ ಹೊಸದಾಗಿ ಅಚ್ಚು ಮಾಡಿಸಿದೆ: ನಿಂತವರು, ಮೂರನೇ ಸಾಲು, ಎಡದಿಂದ ಎಂಟನೆಯವಳು ಅವಳು. ಎಡಕ್ಕೆ ಏಳು ಜನ, ಬಲಕ್ಕೆ ಏಳು ಜನ.

ಈ ವಾರ ಇನ್ನೆರಡು ಶಾಲೆಗಳಿಗೆ ಹೋಗುವುದಿದೆ. ಮೊದಲು ಹಾಜರಿ ಪುಸ್ತಕ ಕೇಳುತ್ತೇನೆ. ಬಾರದ ಮಗುವಿದ್ದರೆ ಅವನ ಎತ್ತರ ಗೊತ್ತಿರುವ ಗೆಳೆಯನ ಪಕ್ಕದಲ್ಲಿ ಒಬ್ಬರ ಅಗಲದ ಜಾಗ ಬಿಡಿಸಿಯೇ ಕ್ಲಿಕ್ ಮಾಡುತ್ತೇನೆ.