ಕೈ ಅಲ್ಲಾಡಲಿಲ್ಲ, ಆದ್ರೂ ಮಗು ಮಸುಕು

ದೀಪಾವಳಿ ಫೋಟೊಗಳ ಕೆಳಗೆ ಈ ಮಾತು ಇದ್ದೇ ಇರುತ್ತದೆ: "ನೈಟ್ ಮೋಡ್‌ನಲ್ಲೇ ತೆಗೆದೆ, ಕೈನೂ ಅಲ್ಲಾಡಿಸಿಲ್ಲ. ಆದ್ರೂ ಮಗು ಮಾತ್ರ ಮಸುಕು." ಎಲ್ಲರೂ ಕೊಡುವ ಸಲಹೆ, ಇನ್ನೂ ಗಟ್ಟಿಯಾಗಿ ಹಿಡಿ ಅಂತ. ನನ್ನ ಪ್ರಕಾರ ಈ ಸಲಹೆಯಿಂದ ಮಗುವಿನ ಫೋಟೊ ಇನ್ನಷ್ಟು ಕೆಡಬಹುದು.

ನೈಟ್ ಮೋಡ್ ಒಂದೇ ಫೋಟೊ ತೆಗೆಯುವುದಿಲ್ಲ. ಸಾಲಾಗಿ ಹಲವು ತೆಗೆದು, ಒಂದರ ಮೇಲೊಂದು ಹೊಂದಿಸಿ, ಸೇರಿಸುತ್ತದೆ. ಕತ್ತಲಲ್ಲಿ ಬರುವ ಕಾಳುಕಾಳು ಚುಕ್ಕೆಗಳು ಪ್ರತಿ ಫೋಟೊದಲ್ಲೂ ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ. ಹಾಗಾಗಿ ಸರಾಸರಿ ತೆಗೆದಾಗ ಅವು ಕರಗುತ್ತವೆ. 2018ರಲ್ಲಿ ಗೂಗಲ್ ಪಿಕ್ಸೆಲ್ ಫೋನಿಗೆ ಬಂದ ನೈಟ್ ಸೈಟ್ ಎಂಬ ನೈಟ್ ಮೋಡ್, ಶಟರ್ ಒತ್ತುವ ಮೊದಲೇ ಕೈ ಎಷ್ಟು ನಡುಗುತ್ತಿದೆ, ಎದುರಿಗೆ ಏನು ಚಲಿಸುತ್ತಿದೆ ಎಂದು ಅಳೆಯುತ್ತಿತ್ತು. ಅಲುಗಾಟ ಜಾಸ್ತಿ ಇದ್ದರೆ ಸೆಕೆಂಡಿನ 1/15 ಭಾಗ ಅಥವಾ ಅದಕ್ಕೂ ಚಿಕ್ಕದಾದ 15 ಫೋಟೊ. ಟ್ರೈಪಾಡ್ ಮೇಲಿದ್ದು ಎದುರಿಗೂ ಎಲ್ಲ ಸ್ತಬ್ಧವಾಗಿದ್ದರೆ, ಒಂದೊಂದು ಸೆಕೆಂಡಿನ 6.

ಇಲ್ಲೇ ಇರುವುದು ಎಡವಟ್ಟು. ನೀವು ಅಲ್ಲಾಡದೆ ನಿಂತಿದ್ದೀರಿ, ಮಗುವೂ ಆ ಕ್ಷಣ ನಿಂತಿದೆ. ಫೋನ್ ಧೈರ್ಯವಾಗಿ ಒಂದೊಂದು ಫೋಟೊಗೂ ಸೆಕೆಂಡಿನ ಮೂರನೇ ಒಂದು ಭಾಗ ಕೊಡುತ್ತದೆ ಅನ್ನಿ. ನೀವು ಬಟನ್ ಒತ್ತಿದ್ದೇ ತಡ, ಮಗು ಹಣತೆ ಸಾಲಿನ ಪಕ್ಕ ನಡೆಯುತ್ತದೆ. ಸೆಕೆಂಡಿಗೆ ಒಂದು ಮೀಟರ್ ಅಂದರೂ ಒಂದು ಫೋಟೊ ಮುಗಿಯುವಷ್ಟರಲ್ಲಿ 33 ಸೆಂಟಿಮೀಟರ್ ಸರಿದಿರುತ್ತದೆ. ಮುಖದ ಅಗಲಕ್ಕಿಂತ ಎರಡು ಪಟ್ಟು! 1/15 ಸೆಕೆಂಡಿನಲ್ಲೂ ಸುಮಾರು 7 ಸೆಂಟಿಮೀಟರ್. ಫೋನ್ ಒಳಗಿನ ಲೆನ್ಸ್ ಸ್ಟೆಬಿಲೈಸೇಶನ್ ನಿಮ್ಮ ಕೈಯ ನಡುಕವನ್ನು ಸರಿಪಡಿಸಬಲ್ಲದು, ಮಗುವಿನ ಓಟವನ್ನಲ್ಲ.

ಫೋಟೊ ಫೋಟೊಗಳ ನಡುವೆ ಮಗು ಸರಿದಿದ್ದರೆ ಸಾಫ್ಟ್‌ವೇರ್ ಏನೋ ಸಂಭಾಳಿಸುತ್ತದೆ. ಹೊಂದದ ತುಣುಕುಗಳನ್ನು ಬಿಟ್ಟುಬಿಡುತ್ತದೆ. ಆಗ ಗೋಡೆ ನುಣುಪಾಗಿ, ಮಗು ಮಾತ್ರ ಕಾಳುಕಾಳಾಗಿ ಬರುತ್ತದೆ. ಆದರೆ ಒಂದೇ ಫೋಟೊದ ಒಳಗೇ ಎಳೆದುಹೋದ ಮುಖವನ್ನು ಹೀಗೆ ಸರಿಮಾಡಲು ಆಗುವುದಿಲ್ಲ.

ತಪ್ಪು ಯಾರದ್ದು ಅಂತ ತಿಳಿಯಲು ಜೂಮ್ ಮಾಡಿ, ರಂಗೋಲಿ ನೋಡಿ. ರಂಗೋಲಿ ಗೆರೆಗಳೂ ಹಣತೆಗಳೂ ಒಂದೇ ದಿಕ್ಕಿಗೆ ಎಳೆದಿದ್ದರೆ ಕೈ ನಡುಗಿದೆ. ಆಗ ಕಂಬಕ್ಕೆ ಮೊಣಕೈ ಊರಿ, 3 ಸೆಕೆಂಡಿನ ಟೈಮರ್ ಇಡಿ. ಬೆರಳು ಒತ್ತುವ ಕುಲುಕಾಟವೂ ತಪ್ಪುತ್ತದೆ. ರಂಗೋಲಿ ಚೂಪಾಗಿದ್ದು ಮಗು ಮಾತ್ರ ಕಲಸಿದ್ದರೆ, ನೈಟ್ ಮೋಡ್ ಆಫ್ ಮಾಡಿ. ಜಗಲಿಯ ಬಲ್ಬ್ ಹಾಕಿ. ಹಣತೆಯ ಮಜಾ ಸ್ವಲ್ಪ ಹೋಗುತ್ತದೆ, ನಿಜ. ಸೆಟ್ಟಿಂಗ್‌ಗಳನ್ನು ನಾವೇ ಬದಲಿಸಬಹುದಾದ ಪ್ರೊ ಮೋಡ್ ಇದ್ದರೆ ಶಟರ್ ಸೆಕೆಂಡಿನ 1/60ಕ್ಕೆ ಇಡಿ. ಆಗಲೂ ಮಗು ಒಂದೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚೇ ಸರಿಯುತ್ತದೆ, ಚುಕ್ಕೆಗಳೂ ಏಳುತ್ತವೆ. ನನಗಂತೂ ಮುಖವೇ ಇಲ್ಲದ ನುಣುಪು ಫೋಟೊಗಿಂತ ಚುಕ್ಕೆ ತುಂಬಿದ ನಗುವೇ ಇಷ್ಟ.