ಕೆನೆ ಎಂಬ ಮುಚ್ಚಳ

ಗೃಹಪ್ರವೇಶದ ದಿನ ಹಾಲು ಉಕ್ಕಿದರೆ ಶುಭ; ಅದೇ ಒಲೆಯ ಮೇಲೆ ಮರುದಿನ ಉಕ್ಕಿದರೆ ಬೈಗುಳ. ಉಡುಪಿಯ ನಮ್ಮ ಮನೆಯಲ್ಲಿ ಬೆಳಗಿನ ಹಾಲು ಕಾಯಿಸುವುದು ನನ್ನ ಪಾಲಿನ ಕೆಲಸವಾದ್ದರಿಂದ ಬೈಗುಳವೂ ನನ್ನ ಪಾಲಿಗೇ.

ಮೊನ್ನೆ ಜಡಿಮಳೆಯ ನಡುವೆ ಒಂದು ಲೀಟರ್ ಹಾಲನ್ನು ತೆಳುವಾದ ಸ್ಟೀಲ್ ಪಾತ್ರೆಗೆ ಸುರಿದು, ಉರಿ ದೊಡ್ಡದು ಮಾಡಿ, ಜಗಲಿಯಲ್ಲಿ ಬಿದ್ದಿದ್ದ ಪತ್ರಿಕೆ ನೆನೆಯದಿರಲೆಂದು ಎತ್ತಲು ಹೋದೆ. ಒಳಗಿನಿಂದ ‘ಚುಂಯ್’ ಎಂದಿತು.

ನೀರು ಎಷ್ಟು ಕುದಿದರೂ ಹೀಗೆ ಮಾಡುವುದಿಲ್ಲ; ಅದರ ಗುಳ್ಳೆ ಮೇಲೆ ಬಂದ ಕೂಡಲೇ ಒಡೆಯುತ್ತದೆ. ಹಾಲಿನಲ್ಲಿ ಪ್ರೋಟೀನು, ಕೊಬ್ಬು ಇವೆ. ಬಿಸಿ ಸುಮಾರು 70 ಡಿಗ್ರಿ ದಾಟಿದಾಗ ಕೆಲವು ಪ್ರೋಟೀನುಗಳು ಬಿಚ್ಚಿಕೊಂಡು ಒಂದಕ್ಕೊಂದು ಅಂಟುತ್ತವೆ. ಮೇಲ್ಮೈಯ ನೀರು ಆವಿಯಾದಂತೆ ಅವು ಕೊಬ್ಬಿನೊಡನೆ ಸೇರಿ ಕೆನೆಯಾಗುತ್ತವೆ. ತಳದಲ್ಲಿ ಹುಟ್ಟಿದ ಹಬೆ ಈ ಮುಚ್ಚಳದಡಿ ಸಿಕ್ಕಿಬೀಳುತ್ತದೆ. ಪ್ರೋಟೀನಿನ ಪೊರೆ ಹೊದ್ದ ಗುಳ್ಳೆಗಳು ಒಡೆಯಲೊಲ್ಲದೆ ನೊರೆಯಾಗಿ ಕೆನೆಯನ್ನೇ ಹೊತ್ತುಕೊಂಡು ಏರುತ್ತವೆ. ಉರಿ ಆರಿಸಿದರೆ ಹಬೆ ನಿಂತು ನೊರೆ ತಾನಾಗಿ ಕುಸಿಯುತ್ತದೆ. ಪಾತ್ರೆಯನ್ನು ಊದುವ ಅಗತ್ಯವೇ ಇಲ್ಲ. ನಾನು ಊದಿದೆ, ಅದು ಬೇರೆ ಮಾತು.

ಒಲೆ ಒರೆಸಿದ ಮೇಲೆ ನಿಜವಾದ ಕೆಡುಕು ತಿಳಿಯಿತು: ಕಾಫಿಯಲ್ಲಿ ಸೀದ ವಾಸನೆ. ಪಾತ್ರೆ ಬರಿದು ಮಾಡಿ ನೋಡಿದರೆ ತಳದಲ್ಲಿ ಬರ್ನರಿನ ಉರಿಯ ಆಕಾರದಲ್ಲೇ ಒಂದು ಕಂದು ಬಳೆ. ಪ್ರೋಟೀನು ಬಿಸಿ ಲೋಹಕ್ಕೆ ಅಂಟಿ, ಹಾಲಿನ ಸಕ್ಕರೆಯೊಡನೆ ಸೇರಿ ಕಂದಾದದ್ದು ಅದು. ತೆಳು ತಳ ಬಿಸಿಯನ್ನು ಹರಡುವುದಿಲ್ಲ, ಉರಿ ತಾಗಿದಲ್ಲೇ ಸುಡುತ್ತದೆ. ಸೌಟು ತಳದಲ್ಲಿ ತಡೆದಂತೆನಿಸಿದಾಗ ನಾನು ಕೆರೆದು ಕಲಕಿದ್ದೆ. ವಾಸನೆ ಹಾಲಿಗೆಲ್ಲ ಹರಡಿದ್ದು ಅದರಿಂದಲೇ. ತಳ ಮುಟ್ಟದೆ ಮೇಲಿನ ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿದ್ದರೆ ಬಹುಪಾಲು ಉಳಿಯುತ್ತಿತ್ತು.

ಈಗ ದಪ್ಪ ತಳದ, ಎರಡು ಲೀಟರಿನ ಪಾತ್ರೆ ಇಟ್ಟಿದ್ದೇನೆ. ಮೊದಲು ಅದನ್ನು ನೀರಿನಲ್ಲಿ ತೊಳೆದು, ಒರೆಸದೆ ಹಾಲು ಹಾಕುತ್ತೇನೆ. ಉರಿ ಮಧ್ಯಮ. ಹಬೆಯಾಡತೊಡಗಿದಾಗಿನಿಂದ ತಳ ಮುಟ್ಟುವಂತೆ ಸೌಟು ಆಡಿಸುತ್ತಿದ್ದರೆ ಕೆಳಗೆ ಅಂಟುವುದಿಲ್ಲ, ಮೇಲೆ ಕೆನೆಯೂ ಕಟ್ಟುವುದಿಲ್ಲ. ಪಾತ್ರೆಯ ಬಾಯಿಗೆ ಅಡ್ಡ ಮರದ ಸೌಟು ಇಡುವ ಉಪಾಯ ಸಣ್ಣ ಉರಿಯಲ್ಲಿ ನಡೆಯುತ್ತದೆ. ದೊಡ್ಡ ಉರಿಯಲ್ಲಿ ನೊರೆ ಅದನ್ನೂ ದಾಟುತ್ತದೆ. ಪ್ಯಾಕೆಟ್ ಹಾಲು ಮೊದಲೇ ಪಾಶ್ಚರೀಕರಣವಾಗಿರುವುದರಿಂದ ಒಂದು ಕುದಿ ಬಂದರೆ ಸಾಕು, ಒಲೆ ಆರಿಸುತ್ತೇನೆ.

“ಹೀಗೆ ಕಲಕಿದರೆ ಬೆಣ್ಣೆಗೆ ಕೆನೆ ಎಲ್ಲಿಂದ ತರುವುದು ಮಾರಾಯ?” ಎಂದರು ಅಮ್ಮ. ಅದಕ್ಕೊಂದು ಒಪ್ಪಂದವಾಗಿದೆ: ಕುದಿಯುವವರೆಗೆ ಸೌಟು ನನ್ನದು. ಒಲೆ ಆರಿದ ಮೇಲೆ ಹಾಲು ಅವರದ್ದು. ತಣಿಯುವವರೆಗೆ ಯಾರೂ ಅಲುಗಿಸುವಂತಿಲ್ಲ.